ಹೂವಿನ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ

ಅಲಂಕಾರದ ಕೆಲಸ ಒಪ್ಪಿಸುವ ಮಾತುಕತೆಯ ಕೊನೆಯಲ್ಲಿ ಬರುವ ಒಂದು ಮಾತು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ವೇದಿಕೆಯ ಮಾತಾಯಿತು, ಹಾರದ ಮಾತಾಯಿತು, ಜಡೆಯ ಮಾತಾಯಿತು, ಒಟ್ಟು ಮೊತ್ತಕ್ಕೆ ಎರಡೂ ಕಡೆಯವರು ತಲೆಯಾಡಿಸಿದ್ದೂ ಆಯಿತು. ಇನ್ನೇನು ಏಳಬೇಕು ಎನ್ನುವಾಗ ಮನೆಯವರಲ್ಲಿ ಒಬ್ಬರು, "ಬಾಗಿಲಿಗೆ ಒಂದು ರಂಗೋಲಿ ಹೇಗೂ ಹಾಕಿಬಿಡುತ್ತೀರಲ್ಲ" ಎನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅವರ ಕಣ್ಣಿಗೆ ಅದು ಎರಡು ಹಿಡಿ ಪುಡಿ, ಅಷ್ಟೇ. ನನ್ನ ಅತ್ತಿಗೆ "ಆಗಲಿ ಬಿಡಿ" ಎಂದು ನಗುತ್ತಾ ಒಪ್ಪಿಕೊಳ್ಳುತ್ತಿದ್ದರು. ಆ ನಗುವಿನಲ್ಲಿ ಎರಡು ಗಂಟೆಯ ಕೆಲಸ ಬಿಟ್ಟಿಯಾಗಿ ಹೋಗುತ್ತಿತ್ತು. ಅವರು ಮಾಡುವ ಎಲ್ಲ ಕೆಲಸಗಳಲ್ಲಿ ಬೇರೆ ಯಾರಿಂದಲೂ ಅಷ್ಟು ಚೆನ್ನಾಗಿ ಆಗದ ಕೆಲಸವೂ ಅದೇ ಆಗಿತ್ತು.

ಅತ್ತಿಗೆ ತುಮಕೂರಿನವರು. ನಡುಚುಕ್ಕಿ ಇಟ್ಟು ಎಳೆ ಬಿಡಲು ಕುಳಿತರೆ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಇಳಿಯುವ ಪುಡಿ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದಲ್ಲಿರುತ್ತದೆ. ಮದುವೆಯಾಗಿ ಬಂದ ಮೇಲೆ ಓಣಿಯ ಮನೆಗಳಿಗೆ ಹಬ್ಬದ ರಂಗೋಲಿ ಹಾಕುತ್ತಿದ್ದರು. ಆಮೇಲೆ ಹಾರ ಕಟ್ಟಿಕೊಟ್ಟರು, ಮೊಗ್ಗಿನ ಜಡೆ ಕಲಿತರು, ಕೊನೆಗೆ ಚಿಕ್ಕ ವೇದಿಕೆಗಳನ್ನು ಒಪ್ಪಿಕೊಳ್ಳುವ ಹಂತಕ್ಕೆ ಬಂದರು. ಲೆಕ್ಕ ಬರೆಯುವುದು ನನ್ನ ಉದ್ಯೋಗ. ಆದ್ದರಿಂದ ಅವರ ನೋಟ್‌ಬುಕ್ ನನ್ನ ಕೈಗೆ ಬಂತು. ಆ ನೋಟ್‌ಬುಕ್ ಓದುತ್ತಾ ನನಗೆ ತಿಳಿದದ್ದೆಂದರೆ, ಜನ "ಡೆಕೋರೇಷನ್" ಎಂದು ಒಟ್ಟಾಗಿ ಕರೆಯುವುದು ಒಂದು ಕಸುಬಲ್ಲ. ವೇದಿಕೆ, ಹೂವು ಕಟ್ಟುವುದು, ರಂಗೋಲಿ ಎಂಬ ಮೂರು ಕಸುಬುಗಳು. ಮೂರರಲ್ಲಿ ದುಡ್ಡು ಹರಿಯುವ ದಾರಿಯೂ ಬೇರೆ ಬೇರೆ.

ಒಂದು ಸೀಮಂತದ ಲೆಕ್ಕ

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಕೆಲಸವನ್ನು ಬಿಚ್ಚಿ ನೋಡುವುದು ಒಳ್ಳೆಯದು. ಶ್ರಾವಣದಲ್ಲಿ ಬಂದ ಒಂದು ಸೀಮಂತ. ಚಿಕ್ಕ ಸಭಾಂಗಣ, ಬೆಳಗಿನ ಕಾರ್ಯಕ್ರಮ. ಕೇಳಿದ್ದು ಎಂಟಡಿ ಅಗಲ, ಎಂಟಡಿ ಎತ್ತರದ ಹಿನ್ನೆಲೆಗೆ ಇಳಿಬಿಟ್ಟ ಚೆಂಡು ಹೂವಿನ ಸರಗಳು, ಒಂದು ಮೊಗ್ಗಿನ ಜಡೆ, ಎರಡು ಹಾರ, ಬಾಗಿಲಿಗೆ ತೋರಣ ಮತ್ತು ಆ ಕೊನೆಯ ಮಾತಿನ ರಂಗೋಲಿ. ಒಟ್ಟು 12,000 ರೂಪಾಯಿ ಎಂದು ಜ್ಯೇಷ್ಠ ಮಾಸದಲ್ಲೇ ಬಾಯಿಮಾತಿನಲ್ಲಿ ಗೊತ್ತಾಗಿತ್ತು.

ಹಿನ್ನೆಲೆಗೆ ಎಷ್ಟು ಹೂವು ಬೇಕೆಂದು ಅಳೆಯುವ ಕ್ರಮ ಹೀಗೆ. ಅರ್ಧ ಅಡಿಗೆ ಒಂದು ಸರದಂತೆ, ಎರಡೂ ಅಂಚಿನವು ಸೇರಿ, ಎಂಟಡಿಗೆ 17 ಸರ. ಒಂದೊಂದೂ ಎಂಟಡಿ ಉದ್ದ, ಅಂದರೆ ಒಟ್ಟು 136 ಅಡಿ. ಮಧ್ಯಮ ಗಾತ್ರದ ಚೆಂಡು ಹೂವನ್ನು ಒತ್ತೊತ್ತಾಗಿ ತುರುಕದೆ ಪೋಣಿಸಿದರೆ ಅಡಿಗೆ ಹತ್ತು ಹೂವು. ಹೀಗೆ 1,360 ಹೂವು. ಕೆಜಿಗೆ ಹೆಚ್ಚುಕಡಿಮೆ 150 ಹೂವು ಸಿಕ್ಕರೆ ಒಂಬತ್ತು ಕೆಜಿ ಆಯಿತು. ಮೂಟೆಯ ತಳದಲ್ಲಿ ನಜ್ಜುಗುಜ್ಜಾದವು, ಅರ್ಧ ಅರಳಿದವು, ಪೋಣಿಸುವಾಗ ಸೀಳಿಹೋಗುವವು ಎಲ್ಲ ಕಳೆದು ಒಂಬತ್ತು ಉಳಿಯಬೇಕಾದರೆ ಹನ್ನೊಂದು ಕೆಜಿ ತರಬೇಕು. ಅತ್ತಿಗೆ ಈ ಲೆಕ್ಕವನ್ನು ಕಾಗದವಿಲ್ಲದೆ ಹಾಕುತ್ತಾರೆ, ತಪ್ಪುವುದಿಲ್ಲ. ತಪ್ಪಿದ್ದು ಹೂವಿನ ತೂಕವಲ್ಲ, ಹೂವಿನ ಬೆಲೆ. ಮಾತಾಡುವಾಗ ಚೆಂಡು ಹೂವಿಗೆ ಕೆಜಿಗೆ 50 ರೂಪಾಯಿ ಹಿಡಿದಿದ್ದರು. ಸೀಮಂತ ಬಿದ್ದದ್ದು ವರಮಹಾಲಕ್ಷ್ಮಿ ಹಬ್ಬದ ವಾರದ ಬುಧವಾರ.

ಅದರ ಹಿಂದಿನ ದಿನ, ಮಂಗಳವಾರ ನಸುಕಿನಲ್ಲಿ, ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ನಾನೂ ಜೊತೆಗೆ ಹೋಗಿದ್ದೆ. ಹಬ್ಬಕ್ಕೆ ಮುಂಚಿನ ಹೂವಿನ ಮಾರುಕಟ್ಟೆಯನ್ನು ನೋಡದವರಿಗೆ ಅಲ್ಲಿನ ಬೆಲೆ ಎಷ್ಟು ಚಂಚಲ ಎಂದು ಹೇಳುವುದು ಕಷ್ಟ. ನಾವು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅದೇ ಅಂಗಡಿಯವನು ಅದೇ ರಾಶಿಗೆ ಹತ್ತು ರೂಪಾಯಿ ಏರಿಸಿದ್ದ. ಚೆಂಡು ಹೂವು 120ಕ್ಕೆ ಬಂತು. ಮಲ್ಲಿಗೆ ಮೊಗ್ಗು ಕೆಜಿಗೆ 1,200. ಕನಕಾಂಬರದ ಬೆಲೆ ಕೇಳಿ ಅತ್ತಿಗೆ ಆ ಸಾಲಿನಿಂದಲೇ ಸರಿದರು. ಆದರೆ ಅಷ್ಟು ಆತುರದಲ್ಲೂ ಅವರು ರಾಶಿಯ ಮೇಲಿನ ಹೂವನ್ನು ನೋಡಿ ತೂಗಿಸಿಕೊಳ್ಳಲಿಲ್ಲ. ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಒಳಗೆ ಬೆಚ್ಚಗಿದ್ದರೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದ ಹೂವು ಎಂದರ್ಥ. ಅದು ಮೇಲೆ ಹೊಳೆಯುತ್ತದೆ, ಮಧ್ಯಾಹ್ನಕ್ಕೆ ಒಳಗಿನಿಂದ ಕಪ್ಪಾಗುತ್ತದೆ. ಆಮೇಲೆ ಒಂದು ಹೂವನ್ನು ತಲೆಕೆಳಗು ಹಿಡಿದು ತಟ್ಟಿದರು, ಎಸಳು ಉದುರಲಿಲ್ಲ. ಗುಲಾಬಿಯನ್ನು ತೊಟ್ಟಿನ ಮೇಲಿನ ಉಬ್ಬಿನಲ್ಲಿ ಒತ್ತಿದರು. ಗಟ್ಟಿಯಿದ್ದರೆ ತಾಜಾ, ಮೆತ್ತಗಿದ್ದರೆ ನಿನ್ನೆಯದು. ಮನೆಗೆ ತಂದ ಕೂಡಲೇ ಹೂವನ್ನು ಚೀಲದಿಂದ ಸುರಿದು ಒದ್ದೆ ಗೋಣಿತಾಟಿನ ಮೇಲೆ ತೆಳ್ಳಗೆ ಹರಡಿದರು. ಬೆಲೆ ಕೈಮೀರಿದ ದಿನ ಉಳಿಸಿಕೊಳ್ಳಲು ಸಾಧ್ಯವಿರುವುದು ಇಷ್ಟೇ, ತಂದದ್ದು ಹಾಳಾಗದಂತೆ ನೋಡುವುದು.

ಖರ್ಚು ಹೀಗಾಯಿತು. ಚೆಂಡು ಹೂವಿಗೆ 1,320. ಅರ್ಧ ಕೆಜಿ ಮೊಗ್ಗಿಗೆ 600. ಹಾರದ ಗುಲಾಬಿ ಮತ್ತು ಸುಗಂಧರಾಜಕ್ಕೆ 1,000. ತೋರಣದ ಮಾವಿನೆಲೆ ಮತ್ತು ಹೂವಿಗೆ 150. ಹಿನ್ನೆಲೆಯ ಹಸಿರೆಲೆಗೆ 300. ಕಬ್ಬಿಣದ ಫ್ರೇಮ್ ಮತ್ತು ಬಟ್ಟೆಯ ಬಾಡಿಗೆ 1,500. ಹೋಗಿಬರಲು ಟೆಂಪೊಗೆ 1,800. ರಾತ್ರಿ ಸಹಾಯಕ್ಕೆ ಬಂದ ಇಬ್ಬರು ಹುಡುಗರಿಗೆ ತಲಾ 800ರಂತೆ 1,600. ದಾರ, ತಂತಿ, ಐಸ್ ಇತ್ಯಾದಿಗೆ 400. ರಂಗೋಲಿ ಪುಡಿ ಮತ್ತು ಬಣ್ಣಕ್ಕೆ 150. ಒಟ್ಟು 8,820. ಕೈಗೆ ಉಳಿಯಬೇಕಾದದ್ದು 3,180. ದುಡ್ಡು ಕೊಡುವಾಗ ಮನೆಯವರು "ಮುಂದಿನ ಕಾರ್ಯಕ್ರಮವೂ ನಿಮಗೇ" ಎಂದು ಐನೂರು ಹಿಡಿದುಕೊಂಡರು. ಉಳಿದದ್ದು 2,680.

ನೋಟ್‌ಬುಕ್‌ನಲ್ಲಿ ಇಷ್ಟು ಬರೆದು ಅತ್ತಿಗೆ ಗೆರೆ ಎಳೆದಿದ್ದರು. ನಾನು ಗೆರೆಯ ಕೆಳಗೆ ಗಂಟೆಗಳನ್ನು ಬರೆಸಿದೆ. ಮಾತುಕತೆ ಮತ್ತು ಜಾಗ ನೋಡಲು 2, ಮಾರುಕಟ್ಟೆಗೆ 4, ಸರ ಪೋಣಿಸಲು 5, ಜಡೆಗೆ 5, ಹಾರಗಳಿಗೆ 3, ತೋರಣಕ್ಕೆ 1, ರಾತ್ರಿ ವೇದಿಕೆ ನಿಲ್ಲಿಸಲು 5, ರಂಗೋಲಿಗೆ 2, ಮರುದಿನ ಎಲ್ಲ ಬಿಚ್ಚಿ ತುಂಬಲು 2. ಒಟ್ಟು 29 ಗಂಟೆ. ಗಂಟೆಗೆ 92 ರೂಪಾಯಿ. ರಾತ್ರಿ ಐದು ಗಂಟೆ ಏಣಿ ಹಿಡಿದ ಹುಡುಗನಿಗೆ ಗಂಟೆಗೆ 160 ಬಿದ್ದಿತ್ತು. ಅವನಿಗೆ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ನಡುರಾತ್ರಿಯ ದುಡಿಮೆಗೆ ಅದು ನ್ಯಾಯವಾದ ಕೂಲಿಯೇ. ಆದರೆ ಕೆಲಸ ಹಿಡಿದವರು, ನಷ್ಟದ ಭಾರ ಹೊತ್ತವರು, ಕೈಯಲ್ಲಿ ಕಲೆಯಿದೆಯೆಂದು ಎಲ್ಲರಿಂದಲೂ ಹೊಗಳಿಸಿಕೊಂಡವರು ಆ ರಾತ್ರಿ ಎಲ್ಲರಿಗಿಂತ ಕಡಿಮೆ ಗಳಿಸಿದ್ದರು.

ಒಂದೇ ಮೊತ್ತದೊಳಗೆ ಅಡಗಿದ ಐದು ಕೆಲಸ

ಹೂವಿನ ಬೆಲೆ ಏರಿದ್ದೇ ಕಾರಣ ಎಂದುಬಿಡುವುದು ಸುಲಭ. ಅದು ಅರ್ಧ ಸತ್ಯ. ಮೊದಲು ಹಿಡಿದ ಬೆಲೆಯಲ್ಲೇ ಹೂವು ಸಿಕ್ಕಿದ್ದರೆ 1,670 ರೂಪಾಯಿ ಹೆಚ್ಚು ಉಳಿಯುತ್ತಿತ್ತು, ನಿಜ. ಆಗಲೂ ಗಂಟೆಗೆ 150 ಆಗುತ್ತಿತ್ತು, ಸಹಾಯಕನಿಗಿಂತ ಇನ್ನೂ ಕಡಿಮೆಯೇ. ಹಾಗಾದರೆ ದುಡ್ಡು ಎಲ್ಲಿ ಸೋರಿತು ಎಂದು ತಿಳಿಯಲು ಆ 12,000ವನ್ನು ಐದಾಗಿ ಒಡೆದೆವು. ಊರಿನಲ್ಲಿ ಇವನ್ನು ಬಿಡಿಬಿಡಿಯಾಗಿ ಕೇಳುವವರಿಗೆ ಅತ್ತಿಗೆ ಹೇಳುವ ದರದಲ್ಲಿ ಜಡೆಗೆ 1,800, ಎರಡು ಹಾರಕ್ಕೆ 1,600, ತೋರಣಕ್ಕೆ 600, ರಂಗೋಲಿಗೆ 1,000. ಉಳಿದ 7,000 ವೇದಿಕೆಯದು.

ಜಡೆಯಲ್ಲಿ ಮೊಗ್ಗು, ದಾರ, ಐಸ್ ಕಳೆದು 1,100 ಉಳಿದಿತ್ತು, ಅದೂ ಮೊಗ್ಗಿನ ಬೆಲೆ ಮೂರು ಪಟ್ಟಾದ ದಿನ. ಹಾರಗಳಲ್ಲಿ 600, ತೋರಣದಲ್ಲಿ 450. ಬಿಟ್ಟಿ ಎಂದುಕೊಂಡಿದ್ದ ರಂಗೋಲಿಯಲ್ಲಿ ಎರಡು ಗಂಟೆಗೆ 850. ಇನ್ನು ವೇದಿಕೆ. ಹೂವು, ಎಲೆ, ಫ್ರೇಮ್, ಟೆಂಪೊ, ಹುಡುಗರು, ತಂತಿ ಎಲ್ಲ ಸೇರಿ 6,820 ಅದಕ್ಕೇ ಹೋಗಿತ್ತು. ಹನ್ನೆರಡು ಗಂಟೆಯ ದುಡಿಮೆಗೆ 180 ರೂಪಾಯಿ. ಆ ಐನೂರರ ಕಡಿತವನ್ನು ಇದರಲ್ಲೇ ಹಿಡಿದರೆ ವೇದಿಕೆ ಕೈಯಿಂದ ದುಡ್ಡು ಹಾಕಿ ಮಾಡಿದ ಕೆಲಸ. ಉಳಿದ ನಾಲ್ಕು ಕೆಲಸಗಳು ದುಡಿದದ್ದನ್ನು ಅದು ತಿಂದುಹಾಕಿತ್ತು.

ಇಲ್ಲಿ ನನಗೆ ವಿಷಯ ತಿಳಿಯಾಯಿತು. ವೇದಿಕೆಯ ದುಡ್ಡಿನಲ್ಲಿ ಹೆಚ್ಚಿನ ಪಾಲು ಸಾಮಾನಿನದು, ಸಾಗಣೆಯದು, ಬಾಡಿಗೆಯದು. ಅಲ್ಲಿ ಲಾಭ ಬರುವುದು ಸ್ವಂತ ಫ್ರೇಮ್, ಸ್ವಂತ ಗಾಡಿ, ವಾರಕ್ಕೆ ಹಲವು ಕಾರ್ಯಕ್ರಮ ಇರುವವರಿಗೆ. ಒಂದೇ ಫ್ರೇಮ್ ನೂರು ಸಲ ನಿಂತಾಗ ಅದರ ಖರ್ಚು ಪ್ರತಿ ಸಲಕ್ಕೆ ಏನೂ ಅಲ್ಲದಷ್ಟಾಗುತ್ತದೆ. ಅದು ಬಂಡವಾಳದ ವ್ಯಾಪಾರ. ಕಲೆ ಅದರಲ್ಲಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ರಂಗೋಲಿಯಲ್ಲಿ ಇದು ಪೂರ್ತಿ ತಿರುವುಮುರುವು. ಸಾಮಾನು ಏನೂ ಇಲ್ಲವೆನ್ನುವಷ್ಟು, ಉಳಿದದ್ದೆಲ್ಲ ಕೈ. ಹಾರ ಮತ್ತು ಜಡೆ ನಡುವೆ ನಿಲ್ಲುತ್ತವೆ. ಕಲೆಯ ಕೈ ಇದ್ದು ಕೈಯಲ್ಲಿ ಬಂಡವಾಳ ಇಲ್ಲದ ವ್ಯಕ್ತಿ ನಿಲ್ಲಬೇಕಾದ ಜಾಗ ಸಾಮಾನು ಕಡಿಮೆ ಇರುವ ತುದಿ. ಆದರೆ ಗಿರಾಕಿ ಬೆಲೆ ಕಟ್ಟುವುದು ಕಣ್ಣಿಗೆ ಕಾಣುವ ಗಾತ್ರಕ್ಕೆ. ಎಂಟಡಿಯ ಗೋಡೆಗೆ ಏಳು ಸಾವಿರ ಕೊಡುವುದು ಅವರಿಗೆ ಸಹಜವಾಗಿ ತೋರುತ್ತದೆ, ನೆಲದ ಮೇಲಿನ ಪುಡಿಗೆ ಸಾವಿರ ಎಂದರೆ ಹುಬ್ಬೇರಿಸುತ್ತಾರೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ವೇದಿಕೆ ಎದ್ದು ನಿಲ್ಲುವ ಹೊತ್ತು ಯಾವುದು? ಹಿಂದಿನ ದಿನದ ಆರತಕ್ಷತೆ ಮುಗಿದು ಸಭಾಂಗಣ ಖಾಲಿಯಾಗುವಾಗ ರಾತ್ರಿ ಹತ್ತೂವರೆ ದಾಟಿರುತ್ತದೆ. ಅಲ್ಲಿಂದ ಬೆಳಗಿನ ಜಾವದವರೆಗೆ ಕೆಲಸ. ಮನೆಯಲ್ಲಿ ಮಕ್ಕಳಿರುವ ಹೆಂಗಸು ಆ ಹೊತ್ತಿನಲ್ಲಿ ಅಪರಿಚಿತ ಜಾಗದಲ್ಲಿ ಏಣಿ ಹತ್ತಿ ದುಡಿಯಬೇಕೆಂದರೆ ಜೊತೆಗೆ ಗಂಡನೋ ತಮ್ಮನೋ ಬರಬೇಕು, ಮರಳಿ ಬರಲು ಗಾಡಿ ಬೇಕು. ಊರೂರಿನಲ್ಲಿ ಹೂವು ಕಟ್ಟುವ ಕೈಗಳು ಹೆಂಗಸರವಾಗಿದ್ದರೂ ಮಂಟಪದ ಗುತ್ತಿಗೆ ಗಂಡಸರ ಕೈಯಲ್ಲಿರುವುದಕ್ಕೆ ಇದು ದೊಡ್ಡ ಕಾರಣ. ಅದಲ್ಲದೆ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಅವರದೇ ಗುತ್ತಿಗೆದಾರ ಇರುತ್ತಾನೆ. ಹೊರಗಿನವರು ವೇದಿಕೆ ಹಾಕಬೇಕಾದರೆ ಮಂಟಪಕ್ಕೆ ಬೇರೆ ದುಡ್ಡು ಕಟ್ಟಬೇಕು. ಜಡೆ ಮತ್ತು ಹಾರವನ್ನು ಮಾತ್ರ ಯಾವ ಮಂಟಪದವರೂ ತಡೆಯುವುದಿಲ್ಲ.

ಜಡೆ ಎಂಬ ಗಡಿಯಾರ

ಜಡೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು ಅನ್ನಿಸುತ್ತಿದೆ, ಏಕೆಂದರೆ ಅತ್ತಿಗೆಯ ದುಡಿಮೆ ಈಗ ನಿಂತಿರುವುದು ಅದರ ಮೇಲೆ. ಬಾಳೆಪಟ್ಟೆಯನ್ನೋ ರಟ್ಟನ್ನೋ ಜಡೆಯ ಅಳತೆಗೆ ಕತ್ತರಿಸಿ, ಮೇಲೆ ಅಗಲ ಕೆಳಗೆ ಕಿರಿದು ಮಾಡಿ, ತೆಳು ಬಟ್ಟೆ ಸುತ್ತಿ, ಅದರ ಮೇಲೆ ಮೊಗ್ಗಿನ ಸಾಲುಗಳನ್ನು ಹೊಲಿಯುವುದು. ಕೇಳಲು ಸರಳ. ಮೊದಲ ಕೆಲಸ ಆರಿಸುವುದು. ಒಂದೇ ಉದ್ದದ, ಒಂದೇ ದಪ್ಪದ ಮೊಗ್ಗು ಬೇಕು. ಅರ್ಧ ಕೆಜಿ ತಂದರೆ ಮುಕ್ಕಾಲು ಭಾಗ ಜಡೆಗೆ ಬರುತ್ತದೆ, ಉಳಿದದ್ದು ಮನೆಯವರ ಮುಡಿಗೆ. ಒಂದು ಸಾಲಿನ ತೊಟ್ಟನ್ನು ಮುಂದಿನ ಸಾಲಿನ ತುದಿ ಮುಚ್ಚುವಂತೆ ಬರಬೇಕು, ಎಲ್ಲಿಯೂ ದಾರ ಕಾಣಬಾರದು. ಹಿಂಭಾಗದಲ್ಲಿ ನಾಲ್ಕೈದು ಕಡೆ ಕಟ್ಟುವ ದಾರ ಬಿಡಬೇಕು. ಎರಡೇ ಕಡೆ ಬಿಟ್ಟರೆ ಇಡೀ ಭಾರ ನೆತ್ತಿಯ ಕೂದಲನ್ನು ಎಳೆಯುತ್ತದೆ. ಬಸುರಿ ಹೆಣ್ಣುಮಗಳು ಎರಡು ಗಂಟೆ ಅದನ್ನು ಹೊತ್ತು ಕೂರಬೇಕು ಎನ್ನುವುದು ಕಟ್ಟುವವರಿಗೆ ನೆನಪಿರಬೇಕು.

ಆದರೆ ಜಡೆಯ ನಿಜವಾದ ಕಷ್ಟ ಹೊಲಿಗೆಯಲ್ಲಿಲ್ಲ, ಹೊತ್ತಿನಲ್ಲಿದೆ. ಬೆಳಗಿನ ಜಾವ ಕಿತ್ತ ಮಲ್ಲಿಗೆ ಮೊಗ್ಗು ಅದೇ ದಿನ ಸಂಜೆ ಅರಳುತ್ತದೆ. ಅದಕ್ಕೆ ಕಾರ್ಯಕ್ರಮ ಯಾವಾಗ ಎಂಬುದು ಗೊತ್ತಿಲ್ಲ. ಸಂಜೆಯ ಆರತಕ್ಷತೆಗಾದರೆ ಬೆಳಗ್ಗೆ ತಂದು ಮಧ್ಯಾಹ್ನದೊಳಗೆ ಮುಗಿಸಿದರೆ ಸಾಕು, ವಧು ವೇದಿಕೆಯ ಮೇಲಿರುವಾಗ ಮೊಗ್ಗು ಬಿರಿದು ಪರಿಮಳ ಬರುತ್ತದೆ. ಬೆಳಗ್ಗೆ ಹತ್ತಕ್ಕೆ ಸೀಮಂತವೆಂದರೆ ಲೆಕ್ಕ ಕೆಡುತ್ತದೆ. ಹಿಂದಿನ ದಿನದ ಮೊಗ್ಗಿನಲ್ಲಿ ರಾತ್ರಿ ಕಟ್ಟಿದ ಜಡೆ ಬೆಳಗಾಗುವುದರಲ್ಲಿ ಅರಳಿ, ಸಾಲುಗಳು ಒಂದನ್ನೊಂದು ನೂಕಿ, ವಿನ್ಯಾಸವೇ ಉಳಿದಿರುವುದಿಲ್ಲ.

ಇದಕ್ಕೆ ಇರುವ ದಾರಿಗಳು ಕೆಲವೇ. ಒಂದು, ಮೊಗ್ಗನ್ನು ತಂಪಿನಲ್ಲಿಟ್ಟು ಅರಳುವುದನ್ನು ತಡಮಾಡುವುದು. ಆ ಮಂಗಳವಾರ ಅತ್ತಿಗೆ ಮಾಡಿದ್ದು ಅದನ್ನೇ. ಥರ್ಮಾಕೋಲ್ ಪೆಟ್ಟಿಗೆಯ ತಳಕ್ಕೆ ಐಸ್, ಅದರ ಮೇಲೆ ಮಡಿಚಿದ ಗೋಣಿ, ಅದರ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಮೊಗ್ಗು. ನಡುವಿನ ಗೋಣಿ ಮುಖ್ಯ, ಐಸ್ ನೇರವಾಗಿ ತಾಕಿದರೆ ಮೊಗ್ಗಿನ ತುದಿ ಕಂದುತ್ತದೆ. ಜಡೆ ಹೊಲಿಯುವಾಗಲೂ ಹಿಡಿಹಿಡಿಯಾಗಿ ಮಾತ್ರ ಹೊರತೆಗೆಯುತ್ತಿದ್ದರು, ಮುಗಿದ ಭಾಗವನ್ನು ಒದ್ದೆ ಬಟ್ಟೆಯಡಿ ಇಡುತ್ತಿದ್ದರು. ಎರಡನೆಯ ದಾರಿ, ಮಲ್ಲಿಗೆಯ ಬದಲು ಕಾಕಡ ಅಥವಾ ಸುಗಂಧರಾಜದ ಮೊಗ್ಗು. ಕಾಕಡ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ಪರಿಮಳ ಕಡಿಮೆ. ಸುಗಂಧರಾಜ ಗಟ್ಟಿ, ಆದರೆ ಜಡೆ ದಪ್ಪವಾಗಿ ಭಾರವಾಗುತ್ತದೆ. ಮೂರನೆಯದು, ಆ ದಿನದ ಮೊಗ್ಗನ್ನೇ ನಸುಕಿನಲ್ಲಿ ತಂದು ಇಬ್ಬರು ಕೂತು ಒಂಬತ್ತರೊಳಗೆ ಮುಗಿಸುವುದು. ಕಾರ್ಯಕ್ರಮ ಹತ್ತಿರದಲ್ಲಿದ್ದು ಇನ್ನೊಂದು ನುರಿತ ಕೈ ಸಿಕ್ಕರೆ ಮಾತ್ರ ಇದು ಆಗುವ ಮಾತು.

ಈಗ ಯಾರಾದರೂ ಜಡೆ ಕೇಳಿದರೆ ಅತ್ತಿಗೆ ಕೇಳುವ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಮುಹೂರ್ತದ್ದು. ಬೆಳಗಿನ ಜಡೆಗೆ ಸಂಜೆಯದಕ್ಕಿಂತ ಹೆಚ್ಚು ದರ ಹೇಳುತ್ತಾರೆ, ಏಕೆ ಎಂದೂ ವಿವರಿಸುತ್ತಾರೆ. ಆಶ್ಚರ್ಯವೆಂದರೆ ವಿವರಿಸಿದ ಮೇಲೆ ಚೌಕಾಸಿ ಮಾಡುವವರು ಬಹಳ ಕಡಿಮೆ. ಮೊಗ್ಗು ಯಾವಾಗ ಅರಳುತ್ತದೆ ಎಂದು ಬಲ್ಲವರ ಜೊತೆ ಮಾತಾಡುತ್ತಿದ್ದೇವೆ ಎಂಬುದು ಗಿರಾಕಿಗೆ ಗೊತ್ತಾಗುತ್ತದೆ.

ರಂಗೋಲಿಯ ಎರಡು ಗಂಟೆ

ರಂಗೋಲಿಗೆ ಸಾವಿರ ಏಕೆ ಎಂದು ಕೇಳುವವರಿಗೆ ಸಭಾಂಗಣದ ನೆಲವನ್ನು ತೋರಿಸಬೇಕು. ಮನೆಯಂಗಳದ ಸಾರಿಸಿದ ನೆಲ ಪುಡಿಯನ್ನು ಹಿಡಿಯುತ್ತದೆ. ನುಣುಪು ಗ್ರಾನೈಟ್ ಹಿಡಿಯುವುದಿಲ್ಲ. ಬಿಳಿ ಎಳೆಯನ್ನು ಮೊದಲು ಎಳೆದು ಆಮೇಲೆ ಬಣ್ಣ ತುಂಬಿದರೆ ಎಳೆ ಜಾರಿ ಅಂಚು ಹರಡುತ್ತದೆ. ಅಲ್ಲಿ ಕ್ರಮವೇ ತಿರುಗುತ್ತದೆ. ಸೀಮೆಸುಣ್ಣದಲ್ಲಿ ನಸುವಾಗಿ ಗುರುತು ಮಾಡಿ, ಟೀ ಸೋಸುವ ಜರಡಿಯಿಂದ ಬಣ್ಣವನ್ನು ಸಮವಾಗಿ ಉದುರಿಸಿ, ಆ ಹಾಸಿನ ಮೇಲೆ ಬಿಳಿ ಎಳೆ ಬಿಡಬೇಕು. ಕೆಳಗಿನ ಬಣ್ಣದ ಪದರ ಎಳೆಯನ್ನು ಹಿಡಿದಿಡುತ್ತದೆ. ಈ ಕ್ರಮದಲ್ಲಿ ಕೈ ತಪ್ಪಿದರೆ ಅಳಿಸಲು ಬರುವುದಿಲ್ಲ. ಬಣ್ಣದ ಮೇಲಿನ ಬಿಳಿಯನ್ನು ಒರೆಸಿದರೆ ಎರಡೂ ಕಲಸಿಹೋಗುತ್ತವೆ.

ಹೊತ್ತಿನ ತೊಂದರೆ ಇಲ್ಲಿಯೂ ಇದೆ. ಕುರ್ಚಿ ಹಾಕುವವರು, ಅಡುಗೆಯವರು, ಕ್ಯಾಮೆರಾದವರು ಓಡಾಡಿ ಮುಗಿದ ಮೇಲೆ, ಮೊದಲ ಅತಿಥಿ ಬರುವ ಮೊದಲು ರಂಗೋಲಿ ಮುಗಿಯಬೇಕು. ಆ ಸೀಮಂತದ ಬೆಳಗ್ಗೆ ಅತ್ತಿಗೆ ಐದಡಿಯ ಒಂದು ಮಂಡಲದ ಮುಕ್ಕಾಲು ಭಾಗ ಮುಗಿಸಿದ್ದರು. ಯಾರೋ ಸೆಕೆಯೆಂದು ಬಾಗಿಲ ಬಳಿಯ ದೊಡ್ಡ ಫ್ಯಾನ್ ಹಾಕಿದರು. ಒಂದು ಬದಿಯ ಹಸಿರು ಇನ್ನೊಂದು ಬದಿಯ ಹಳದಿಯ ಮೇಲೆ ತೆಳ್ಳಗೆ ಕೂತುಬಿಟ್ಟಿತು. ಅವರು ಒಂದು ಮಾತೂ ಆಡಲಿಲ್ಲ. ಫ್ಯಾನ್ ಆರಿಸಿಸಿ, ಹಾಳಾದ ಬದಿಗೆ ಇನ್ನಷ್ಟು ಹಸಿರು ಉದುರಿಸಿ ಅದನ್ನು ಎಲೆಗಳ ಅಂಚಾಗಿ ತಿರುಗಿಸಿದರು, ಎದುರು ಬದಿಗೂ ಅದೇ ಅಂಚನ್ನು ಕೊಟ್ಟರು. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಿಂದಿನ ರಾತ್ರಿ ಐದು ಗಂಟೆ ನಿಂತು ಕಟ್ಟಿದ ವೇದಿಕೆಗಿಂತ ಈ ಹತ್ತು ನಿಮಿಷದ ತೀರ್ಮಾನದಲ್ಲಿ ಅವರ ಕಸುಬು ಹೆಚ್ಚು ಇತ್ತು. ಪಟ್ಟಿಯಲ್ಲಿ ಅದರ ಹೆಸರೂ ಇರಲಿಲ್ಲ.

ಚೀಟಿ ಬದಲಾದ ಮೇಲೆ

ಈಗ ಅತ್ತಿಗೆ ಬಾಯಿಮಾತಿನಲ್ಲಿ ಒಟ್ಟು ಮೊತ್ತ ಹೇಳುವುದಿಲ್ಲ. ಒಂದು ಚೀಟಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಕೈಕೆಲಸದ ಮಜೂರಿ ಒಂದೊಂದಕ್ಕೂ ಬೇರೆ ಬೇರೆ ಸಾಲಿನಲ್ಲಿರುತ್ತದೆ, ರಂಗೋಲಿಯದು ಮೊದಲ ಸಾಲು. ಹೂವಿನ ಖರ್ಚು ಪ್ರತ್ಯೇಕ. ಅದನ್ನು ಕಾರ್ಯಕ್ರಮದ ಹಿಂದಿನ ದಿನದ ಮಾರುಕಟ್ಟೆ ದರದಲ್ಲಿ ಹಿಡಿಯಲಾಗುವುದು ಎಂದು ಬರೆದಿರುತ್ತದೆ. ಶ್ರಾವಣದ ಶುಕ್ರವಾರಗಳು, ಗೌರಿ ಗಣೇಶ, ಆಯುಧಪೂಜೆಯ ವಾರಗಳಲ್ಲಿ ಆ ದರ ಎರಡು ಮೂರು ಪಟ್ಟಾಗಬಹುದು ಎಂದೂ ಇರುತ್ತದೆ. ಕೆಲವರು ಇದನ್ನು ನೋಡಿ ಬೇರೆಯವರ ಹತ್ತಿರ ಹೋದರು. ಕೆಲವರು ಹೂವನ್ನು ತಾವೇ ತಂದುಕೊಡುತ್ತೇವೆ ಎಂದರು. ಅದಕ್ಕೆ ಮಾತ್ರ ಅತ್ತಿಗೆ ಒಪ್ಪುವುದಿಲ್ಲ. ಬೆಚ್ಚಗಾದ ಮೂಟೆಯನ್ನು ಅವರು ತಂದರೆ ಬಾಡಿದ ಸರಕ್ಕೆ ಹೆಸರು ಕೆಡುವುದು ಕಟ್ಟಿದವರದು.

ವೇದಿಕೆಯನ್ನು ಅವರು ಪೂರ್ತಿ ಬಿಟ್ಟಿಲ್ಲ, ಆದರೆ ಹೊರುವುದನ್ನು ಬಿಟ್ಟಿದ್ದಾರೆ. ಫ್ರೇಮ್, ಗಾಡಿ ಇರುವವರೊಬ್ಬರಿಗೆ ಗಿರಾಕಿಯನ್ನು ಒಪ್ಪಿಸಿ, ಹೂವಿನ ವಿನ್ಯಾಸಕ್ಕೆ ಮತ್ತು ಮುಂದೆ ನಿಂತು ಹೇಳಿ ಮಾಡಿಸುವುದಕ್ಕೆ ಇಷ್ಟೆಂದು ತೆಗೆದುಕೊಳ್ಳುತ್ತಾರೆ. ಜಡೆಯ ಬೇಡಿಕೆ ಬರುವುದಂತೂ ಮಂಟಪದವರಿಂದ ಅಲ್ಲವೇ ಅಲ್ಲ, ವಧುವಿಗೆ ಮೇಕಪ್ ಮಾಡುವವರಿಂದ. ಮದುಮಗಳ ತಲೆಯ ಅಳತೆ, ಕೂದಲಿನ ಉದ್ದ, ಸೀರೆಯ ಬಣ್ಣ ಎಲ್ಲ ಗೊತ್ತಿರುವುದು ಅವರಿಗೆ. ಊರಿನ ಅಂಥ ಮೂವರು ನಾಲ್ವರ ಪರಿಚಯ ಒಂದು ಬೋರ್ಡಿಗಿಂತ ಹೆಚ್ಚು ಕೆಲಸ ತಂದಿದೆ.

ಮಾರಿನ ಲೆಕ್ಕದಲ್ಲಿ ಅಂಗಡಿಗೆ ಹೂವು ಕಟ್ಟಿಕೊಡುವ ಕೆಲಸದ ಬಗ್ಗೆ ಯಾರಾದರೂ ಕೇಳಬಹುದು. ಅದು ಪ್ರತಿದಿನ ಇರುತ್ತದೆ, ಆಷಾಢದಲ್ಲೂ ಪಿತೃಪಕ್ಷದಲ್ಲೂ ನಿಲ್ಲುವುದಿಲ್ಲ. ಆದರೆ ಅಲ್ಲಿ ವೇಗಕ್ಕೆ ಕೂಲಿ, ಅಂದಕ್ಕಲ್ಲ. ಅತ್ತಿಗೆ ಮದುವೆಗಳಿಲ್ಲದ ತಿಂಗಳುಗಳಲ್ಲಿ ಅದನ್ನು ಮಾಡುತ್ತಾರೆ, ಸುಗ್ಗಿಯಲ್ಲಿ ಮಾಡುವುದಿಲ್ಲ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಸಾಲದ್ದು. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮಾಲೆ ಕಟ್ಟುವವರೂ ಸೇರಿದ್ದಾರೆ. ಪಟ್ಟಿಯಲ್ಲಿ ಮಾಲಾಕಾರ ಎಂದಿದೆ. ರಂಗೋಲಿ ಇಲ್ಲ, ವೇದಿಕೆ ಅಲಂಕಾರವೂ ಇಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಾಯಿಸಿ, ಪರಿಶೀಲನೆ ಮುಗಿದರೆ ಕೆಲವು ದಿನಗಳ ತರಬೇತಿ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಆಮೇಲೆ ಮೊದಲ ಕಂತಾಗಿ ಶೇಕಡ 5ರ ಬಡ್ಡಿಯಲ್ಲಿ ಅಡಮಾನವಿಲ್ಲದೆ ಒಂದು ಲಕ್ಷದವರೆಗೆ ಸಾಲ, 18 ತಿಂಗಳ ಅವಧಿಗೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಅಣ್ಣನಿಗೆ ಆ ಒಂದು ಲಕ್ಷದಲ್ಲಿ ಸ್ವಂತ ಫ್ರೇಮ್ ಮತ್ತು ಬಟ್ಟೆ ಕೊಳ್ಳಬೇಕೆಂಬ ಆಸೆ. "ಬಾಡಿಗೆ ಉಳಿಯುತ್ತದಲ್ಲ" ಎನ್ನುತ್ತಾನೆ. ನಾನು ಸೀಮಂತದ ಪುಟ ತೆರೆದು ತೋರಿಸಿದೆ. ಬಾಡಿಗೆ ಉಳಿಯುವುದು 1,500. ಟೆಂಪೊ, ರಾತ್ರಿಯ ಹುಡುಗರು, ಹೂವಿನ ಏರಿಳಿತ ಎಲ್ಲ ಹಾಗೆಯೇ ಇರುತ್ತವೆ. ಮಂಟಪದವರು ಒಳಗೆ ಬಿಡದ ದಿನ ಫ್ರೇಮ್ ಮನೆಯ ಗೋಡೆಗೆ ಒರಗಿರುತ್ತದೆ. ಪೂರ್ತಿ ಲಕ್ಷ ತೆಗೆದರೆ ತಿಂಗಳ ಕಂತು ಸುಮಾರು 5,780 ಬರುತ್ತದೆ. ಸಾಧಾರಣ ತಿಂಗಳಲ್ಲಿ ಒಂದು ಜಡೆಯಿಂದ ಸಾವಿರದ ಐನೂರರಷ್ಟು ಉಳಿಯುವುದರಿಂದ ಅದು ನಾಲ್ಕು ಜಡೆಯ ದುಡ್ಡು, ಆಷಾಢದಲ್ಲೂ ಕಟ್ಟಲೇಬೇಕಾದ ದುಡ್ಡು.

ಅತ್ತಿಗೆ ಅರ್ಜಿ ಹಾಕುವುದಕ್ಕೆ ಒಪ್ಪಿದ್ದಾರೆ, ಫ್ರೇಮ್‌ಗೆ ಒಪ್ಪಿಲ್ಲ. ಅವರ ಪಟ್ಟಿಯಲ್ಲಿರುವುದು ದಪ್ಪ ಗೋಡೆಯ ಎರಡು ಐಸ್ ಪೆಟ್ಟಿಗೆ, ಒಳ್ಳೆಯ ತಕ್ಕಡಿ, ಜಡೆ ಹೊಲಿಯಲು ಒಂದು ಎತ್ತರದ ಮೇಜು. ಕೆಳಗೆ ಕೂತು ಸೊಂಟ ಹಿಡಿದುಕೊಳ್ಳುತ್ತದೆ ಎಂದು ಮೇಜು ಕೇಳಿದ್ದಾರೆ. ಸಲಕರಣೆಯ ನೆರವಿನಲ್ಲೇ ಇವೆಲ್ಲ ಆಗುವುದಾದರೆ ಸಾಲ ಬೇಡವೇ ಬೇಡ ಎನ್ನುವುದು ಅವರ ಮಾತು. ಅಣ್ಣ ಇನ್ನೂ ಒಪ್ಪಿಲ್ಲ. ಮುಂದಿನ ಮುಹೂರ್ತಗಳು ಶುರುವಾಗುವ ಮೊದಲು ಇಬ್ಬರೂ ಕೂತು ತೀರ್ಮಾನಿಸಲಿ ಎಂದು ನೋಟ್‌ಬುಕ್ ಅನ್ನು ಅವರ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.